ಭರಣಿಯ ಫೋಟೊ ನೋಡಿ: ಇದರಲ್ಲಿ ತಗಡಿಗೆ ಹೊಡೆಯುವ ಮೊಳೆ ಯಾವುದು?

ಕೋಡಿಬಾಗದವ: ಅಜ್ಜನ ಅಟ್ಟದಲ್ಲಿ ಗಾಜಿನ ಭರಣಿ ತುಂಬ ಮೊಳೆ ಸಿಕ್ಕಿವೆ, ಫೋಟೊ ಹಾಕಿದ್ದೇನೆ. ಮಳೆ ಹಿಡಿಯುವ ಮೊದಲು ಕಟ್ಟಿಗೆ ಮನೆಗೆ ತಗಡು ಹೊದಿಸಬೇಕು. ನಿನ್ನೆ ಒಂದು ಮೊಳೆಯನ್ನು ಹಳೆ ಮತ್ತಿ ರೀಪಿಗೆ ಹೊಡೆದೆ. ಏಟು ಸ್ವಲ್ಪ ಓರೆಯಾಯಿತು, ಪಟ್ಟಂತ ಮುರಿದು ತುಂಡು ಕಿವಿ ಪಕ್ಕದಲ್ಲೇ ಹಾರಿತು.

ಸದಾಶಿವಗಡ: ಕಪ್ಪಗಿರುವುದೆಲ್ಲ ಗೋಡೆ ಮೊಳೆ, ಹೊಳೆಯುವುದೆಲ್ಲ ತಗಡಿನದು. ಹೊಳೆಯುವುದನ್ನು ಆರಿಸಿಕೊಳ್ಳಿ.

ಶಿರಸಿ ಬಡಗಿ: ಬಣ್ಣ ನಂಬಬೇಡಿ ಮಾರಾಯ್ರೆ. ಗೋಡೆ ಮೊಳೆಗೂ ಸತುವಿನ ಲೇಪ ಇರುತ್ತದೆ. ಭರಣಿಯ ಹೊರಗಿಂದ ತೆಗೆದ ಫೋಟೊದಲ್ಲಿ ತಲೆ ಕಾಣುತ್ತಿಲ್ಲ, ಉದ್ದವೂ ಗೊತ್ತಾಗುತ್ತಿಲ್ಲ. ಪೇಪರ್ ಮೇಲೆ ಸುರಿದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕೆಲವನ್ನು ಅಡ್ಡ ಮಲಗಿಸಿ, ಕೆಲವನ್ನು ತಲೆ ಮೇಲೆ ಕಾಣುವ ಹಾಗೆ ಇಟ್ಟು ಫೋಟೊ ತೆಗೆಯಿರಿ. ಮುರಿದ ತುಂಡು ಸಿಕ್ಕರೆ ಅದೂ ಬೇಕು.

ಕುಮಟೆ ಅಕ್ಕ: ನಮ್ಮನೆ ಚಿರೆಕಲ್ಲು ಗೋಡೆಗೆ ಫೋಟೊ ಫ್ರೇಮ್ ನಿಲ್ಲುವುದೇ ಇಲ್ಲ. ಹೊಡೆದರೆ ಕಲ್ಲು ಪುಡಿಯಾಗಿ ಉದುರುತ್ತದೆ. ಇದರಲ್ಲಿ ಯಾವುದು ಆಗಬಹುದು?

ಶಿರಸಿ ಬಡಗಿ: ಅಕ್ಕಾ, ಅದಕ್ಕೆ ಮೊಳೆಯೇ ಬೇಡ. ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಬಿಗಿಯಿರಿ.

ಕೋಡಿಬಾಗದವ: ಹೊಸ ಫೋಟೊ ಹಾಕಿದೆ. ಐದು ಗುಂಪು ಮಾಡಿದ್ದೇನೆ.

ಶಿರಸಿ ಬಡಗಿ: ಈಗ ಸರಿ. ಒಂದನೆಯದು 20 ಮಿ.ಮೀ., ಸೂಜಿಯಂತೆ ಸಣ್ಣ, ತಲೆ ಇದೆಯೋ ಇಲ್ಲವೋ ಅನ್ನುವಷ್ಟು. ಪ್ಯಾನೆಲ್ ಪಿನ್, ಪ್ಲೈವುಡ್ ಅಂಚಿನ ಪಟ್ಟಿಗೆ. ತಲೆ ಮರದೊಳಗೆ ಅಡಗಲಿ ಅಂತಲೇ ಹಾಗೆ ಮಾಡಿರುತ್ತಾರೆ, ತಗಡನ್ನು ಅದು ಹಿಡಿಯುವುದಿಲ್ಲ. ಎರಡನೆಯದರ ಮೈಮೇಲೆ ಉದ್ದಕ್ಕೂ ಗೀರು ಇವೆ, ನಿಮ್ಮ ಮುರಿದ ತುಂಡಿನಲ್ಲೂ ಅದೇ ಗೀರು. ಅದು ಗೋಡೆಗೆ ಹೊಡೆಯುವ ಗಡಸು ಉಕ್ಕಿನ ಮೊಳೆ. ಅದು ಬಾಗುವುದಿಲ್ಲ, ಮುರಿಯುತ್ತದೆ. ಕನ್ನಡಕ ಇಲ್ಲದೆ ಮುಟ್ಟಬೇಡಿ. ಮೂರನೆಯದರ ಮೈ ನುಣುಪು, ಅನುಮಾನವಿದ್ದರೆ ಅರ ಉಜ್ಜಿ ನೋಡಿ. ಗಡಸಾಗಿದ್ದರೆ ಅರ ಜಾರುತ್ತದೆ, ಮೆದುವಾಗಿದ್ದರೆ ಕಚ್ಚಿ ಪುಡಿ ಬೀಳುತ್ತದೆ.

ಕೋಡಿಬಾಗದವ: ಉಜ್ಜಿದೆ. ಎರಡನೆಯದರ ಮೇಲೆ ಜಾರಿತು. ಮೂರನೆಯದರಲ್ಲಿ ಕಚ್ಚಿತು, ಬೆಳ್ಳಿ ಪುಡಿ ಬಿತ್ತು. ಮೂರರ ತಲೆ ನಾಣ್ಯದಂತೆ ಅಗಲ, ಚಪ್ಪಟೆ, ಉದ್ದ 25. ನಾಲ್ಕರ ತಲೆ ಛತ್ರಿಯಂತೆ, ಮೈ ತಿರುಚಿದೆ, ಉದ್ದ 65.

ಶಿರಸಿ ಬಡಗಿ: ನಾಲ್ಕನೆಯದೇ ನಿಮಗೆ ಬೇಕಾದ್ದು. ತಿರುಚಿದ ಮೈ ಮರವನ್ನು ಹಿಡಿದುಕೊಳ್ಳುತ್ತದೆ, ಛತ್ರಿ ತಲೆ ತೂತನ್ನು ಮುಚ್ಚುತ್ತದೆ. ತಗಡಿನ ಉಬ್ಬಿನ ಮೇಲೆ ಹೊಡೆಯಿರಿ, ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲೇ ಹರಿದು ಸೋರುತ್ತದೆ. ಉಬ್ಬು ಒಳಗೆ ಕುಸಿಯುವಷ್ಟು ಜಜ್ಜಬೇಡಿ. ಮೂರನೆಯದು ಕ್ಲೌಟ್ ಮೊಳೆ, ಡಾಂಬರ್ ಹಾಳೆಯಂಥ ಮೆತ್ತನೆಯದಕ್ಕೆ. ಉಬ್ಬಿನ ಎತ್ತರ ಕಳೆದರೆ ಆ 25ರಲ್ಲಿ ರೀಪಿಗೆ ಹೋಗುವುದು ಎಷ್ಟು ಉಳಿಯಿತು?

ಸದಾಶಿವಗಡ: ನಾನು ಕೋಳಿಗೂಡಿಗೆ ಅದನ್ನೇ ಹೊಡೆದಿದ್ದೆ. ಎರಡು ಮಳೆಗಾಲ ನಿಂತಿತ್ತಪ್ಪ.

ಶಿರಸಿ ಬಡಗಿ: ಕೋಳಿಗೂಡಿಗೆ ಅಗಲ ತಲೆ ಸಾಕಿತ್ತೇನೋ. ಕಡಲ ಗಾಳಿಗೆ ಲೇಪ ಎಷ್ಟು ದಪ್ಪ ಅನ್ನುವುದೂ ಮುಖ್ಯ. ಮಂಕು ಬೂದು, ಒರಟಾದದ್ದು ಬಾಳುತ್ತದೆ, ಕನ್ನಡಿಯಂತೆ ಹೊಳೆಯುವುದು ಬೇಗ ತುಕ್ಕು ಹಿಡಿಯುತ್ತದೆ.

ಕೋಡಿಬಾಗದವ: ನಾಲ್ಕನೆಯ ಗುಂಪಿನಲ್ಲಿ ಇರುವುದು ಹನ್ನೊಂದೇ, ಉಳಿದದ್ದು ಕೊಳ್ಳುತ್ತೇನೆ. ಐದನೆಯದು ಅಗಲ ತಲೆಯದು, ಕುತ್ತಿಗೆಗೆ ಕಪ್ಪು ಅಂಟು ಹಿಡಿದಿದೆ. ಅದೇನು?

ಶಿರಸಿ ಬಡಗಿ: ಡಾಂಬರ್ ವಾಷರ್ ಉಳಿದದ್ದಿರಬಹುದು, ಹಾಳೆಯಿಂದ ಕಿತ್ತ ಕ್ಲೌಟೂ ಇರಬಹುದು. ಫೋಟೊದಿಂದ ಹೇಳಲಾರೆ.

ಕುಮಟೆ ಅಕ್ಕ: ಪ್ಲಗ್ ಎಷ್ಟು ಮಿ.ಮೀ. ಅಂತ ಹೇಳಲೇ ಇಲ್ಲ ನೀವು.