ಪದಚರ್ಚೆ: ‘ಲೇಜಿ ಲೋಡಿಂಗ್’, ‘ಎಂಬೆಡ್’ – ಕನ್ನಡದಲ್ಲಿ ಏನೆನ್ನುವುದು?

ಮಾನ್ಯರೇ,

ನಮ್ಮೂರಿನ ಯಕ್ಷಗಾನ ಮೇಳದ ಜಾಲತಾಣವನ್ನು ನೋಡಿಕೊಳ್ಳುವ ಹುಡುಗರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆಟದ ವಿವರವಿರುವ ಪುಟದಲ್ಲಿ ಗೂಗಲ್ ನಕ್ಷೆ, ಒಂದು ಯೂಟ್ಯೂಬ್ ವಿಡಿಯೊ, ಕೆಲವು ಇನ್‌ಸ್ಟಾಗ್ರಾಂ ಪೋಸ್ಟ್‌ಗಳು ಇವೆ. ಪುಟ ತೆರೆಯುವುದು ನಿಧಾನ. ತೆರೆದ ಮೇಲೂ ಓದುತ್ತಿರುವ ಸಾಲು ಇದ್ದಕ್ಕಿದ್ದಂತೆ ಕೆಳಕ್ಕೆ ಜಾರುತ್ತದೆ. ಪರಿಹಾರಗಳನ್ನು ಬರೆಯಲು ಹೊರಟರೆ ಪದಗಳೇ ಸಿಗುತ್ತಿಲ್ಲ. ‘ಎಂಬೆಡ್’ಗೆ ‘ಹುದುಗಿಸು’ ಸರಿಯೇ? ‘ಲೇಜಿ ಲೋಡಿಂಗ್’ಗೆ ‘ಸೋಮಾರಿ ಲೋಡಿಂಗ್’ ಎಂದು ಬರೆದರೆ ಹುಡುಗರು ನಗುತ್ತಾರೆ.

– ಎಸ್.ಎನ್., ಶಿರಸಿ

‘ಕಂಡಾಗ ಬರುವುದು’ ಎನ್ನಿ. ಪರದೆಯ ಮೇಲೆ ಕಂಡಾಗ ಮಾತ್ರ ವಸ್ತು ಬರುತ್ತದೆ. ಮೂರಕ್ಕೂ `loading="lazy"` ಹಾಕಿಬಿಡಿ. ವೇಗವೂ ಸರಿಹೋಗುತ್ತದೆ, ಜಾರುವುದೂ ನಿಲ್ಲುತ್ತದೆ.

– ಕೆ.ಪಿ., ಮೈಸೂರು

‘ನಕ್ಷೆ’ ಮನೆ ಕಟ್ಟುವವರ ಮಾತು, ‘ಭೂಪಟ’ ಎನ್ನುವುದೇ ಶುದ್ಧ. ನಮ್ಮ ಸಂಘದ ತಾಣದಲ್ಲಿ ಈ ಯೂಟ್ಯೂಬ್ ಗೊಡವೆಯೇ ಇಲ್ಲ. ವಿಡಿಯೊ ಕಡತವನ್ನು ನೇರವಾಗಿ ನಮ್ಮ ಸರ್ವರ್‌ಗೆ ಏರಿಸಿದ್ದೇವೆ. ತಿಂಗಳ ಕೊನೆಗೆ ಬ್ಯಾಂಡ್‌ವಿಡ್ತ್ ಮುಗಿದು ತಾಣ ಮಲಗುತ್ತದೆ, ಅಷ್ಟೇ.

– ಒಬ್ಬ ನಿವೃತ್ತ ಮೇಷ್ಟ್ರು, ಹಾಸನ

ಮೇಷ್ಟ್ರೇ, ಪ್ರಶ್ನೆ ನಕ್ಷೆಯ ಹೆಸರಿನದಲ್ಲ, ಅದನ್ನು ಪುಟದೊಳಗೆ ತರುವ ಕ್ರಿಯೆಯದು.

ಕೆ.ಪಿ. ಅವರ ಮಾತು ಅರ್ಧ ಸರಿ. ಕಾಣುವವರೆಗೆ ಬ್ರೌಸರ್ ಕಾಯುವುದಿಲ್ಲ. ಓದುಗ ಅಲ್ಲಿಗೆ ತಲುಪುವುದಕ್ಕೆ ಬಹಳ ಮೊದಲೇ, ಕ್ರೋಮ್‌ನಲ್ಲಾದರೆ ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ದೂರವಿರುವಾಗಲೇ, ತರಿಸತೊಡಗುತ್ತದೆ. ಜಾಲ ನಿಧಾನವಾಗಿದ್ದರೆ ಇನ್ನೂ ಮುಂಚೆ. ಆದ್ದರಿಂದ ಪುಟ ಗಿಡ್ಡವಾಗಿದ್ದರೆ ಈ ಗುಣಲಕ್ಷಣದಿಂದ ಏನೂ ಉಳಿಯುವುದಿಲ್ಲ. ‘ಕಂಡಾಗ’ ಎಂದರೆ ಓದುಗ ತಪ್ಪು ತಿಳಿಯುತ್ತಾನೆ. ‘ಸಮೀಪಿಸಿದಾಗ ತರಿಸು’ ಎನ್ನಬಹುದು.

ಇನ್ನು ಜಾರುವ ವಿಷಯ. ನಕ್ಷೆ, ಯೂಟ್ಯೂಬ್ ಎರಡೂ ಐಫ್ರೇಮ್‌ಗಳು. ತಡವಾಗಿ ಬಂದರೂ ಅವುಗಳ ಚೌಕಟ್ಟು ಮೊದಲಿನಿಂದಲೇ ಜಾಗ ಹಿಡಿದಿರುತ್ತದೆ. ಅಲ್ಲಿನ ತೊಂದರೆ ಬೇರೆ: ಮೊಬೈಲ್‌ನಲ್ಲಿ ಅಗಲ ಕುಗ್ಗಿದರೂ ಎತ್ತರ 315 ಪಿಕ್ಸೆಲ್‌ನಲ್ಲೇ ನಿಂತು, ವಿಡಿಯೊದ ಮೇಲೆ ಕೆಳಗೆ ಕಪ್ಪು ಪಟ್ಟಿ ಬೀಳುತ್ತದೆ. ಚಿತ್ರಗಳಿಗೆ ಮಾಡುವಂತೆ `height: auto` ಒಂದನ್ನೇ ಕೊಟ್ಟರೆ ಐಫ್ರೇಮ್ 150 ಪಿಕ್ಸೆಲ್‌ಗೆ ಕುಸಿಯುತ್ತದೆ. ಜೊತೆಗೆ ಪ್ರಮಾಣವನ್ನೂ ಹೇಳಬೇಕು:

```css
.video iframe {
  width: 100%;
  height: auto;
  aspect-ratio: 16 / 9;
}
```

ನಿಮ್ಮ ಸಾಲುಗಳನ್ನು ಜಾರಿಸುತ್ತಿರುವುದು ಬಹುತೇಕ ಇನ್‌ಸ್ಟಾಗ್ರಾಂ. ಅವರು ಕೊಡುವ ತುಣುಕನ್ನು ಬಿಚ್ಚಿ ನೋಡಿ: ಅದರಲ್ಲಿ ಐಫ್ರೇಮ್ ಇರುವುದಿಲ್ಲ, ಒಂದು `blockquote` ಮತ್ತು ಒಂದು ಸ್ಕ್ರಿಪ್ಟ್ ಇರುತ್ತವೆ. ಸ್ಕ್ರಿಪ್ಟ್ ಬಂದ ಮೇಲೆ `blockquote` ಹೋಗಿ ಐಫ್ರೇಮ್ ಕೂರುತ್ತದೆ, ಎತ್ತರ ಆಗಲೇ ಗೊತ್ತಾಗುವುದು. ಅಲ್ಲಿ `loading="lazy"` ಬರೆದರೆ ಕೇಳುವವರೇ ಇಲ್ಲ. ಪೋಸ್ಟ್ ಪೂರ್ತಿ ಬಂದ ಮೇಲೆ ಮೊಬೈಲ್ ಅಗಲದಲ್ಲಿ ಎತ್ತರವನ್ನು ಅಳೆದು, ಸುತ್ತಲಿನ ಡಬ್ಬಿಗೆ ಅಷ್ಟು `min-height` ಕೊಡಿ.

‘ಹುದುಗು’ ಎಂದರೆ ಅಡಗು. ಬೂದಿಯಲ್ಲಿ ಕೆಂಡ ಹುದುಗುತ್ತದೆ. ನಕ್ಷೆ ಕಾಣಬೇಕಲ್ಲ? ಉಂಗುರದಲ್ಲಿ ಹರಳು ಕೂರಿಸುವಂತೆ ‘ಪುಟದಲ್ಲಿ ಕೂರಿಸು’ ಎನ್ನಿ.

– ಆರ್.ಜಿ., ಬೆಂಗಳೂರು

‘ಹುದುಗಿಸು’ ಈಗಾಗಲೇ ಬಳಕೆಯಲ್ಲಿದೆ. ಇದ್ದುದನ್ನು ಕೆಡವಿ ಹೊಸದು ಕಟ್ಟುವ ಚಾಳಿ ಯಾಕೆ? ‘ಕೂರಿಸು’ ನನಗೆ ಗಣಪತಿ ಕೂರಿಸಿದಂತೆ ಕೇಳುತ್ತದೆ.

ಆರ್.ಜಿ. ಅವರು ಯೂಟ್ಯೂಬ್‌ನ ಭಾರದ ಬಗ್ಗೆ ಹೇಳಲಿಲ್ಲ. ಯಾರೂ ಒತ್ತದಿದ್ದರೂ ಅದರ ಪ್ಲೇಯರ್ ನೂರಾರು ಕಿಲೋಬೈಟ್ ಸ್ಕ್ರಿಪ್ಟ್ ಎಳೆದುಕೊಳ್ಳುತ್ತದೆ. ನಾನು ಮೊದಲು ಮುಖಚಿತ್ರವನ್ನು ಮಾತ್ರ ತೋರಿಸಿ, ಒತ್ತಿದ ಮೇಲೆ ಐಫ್ರೇಮ್ ತರಿಸುತ್ತೇನೆ. ಅದನ್ನು ಮಾಡಿಕೊಡುವ `lite-youtube-embed` ಎಂಬ ಪುಟ್ಟ ಸಾಧನ ಉಚಿತವಾಗಿ ಸಿಗುತ್ತದೆ. ಕೆಲವು ಫೋನ್‌ಗಳಲ್ಲಿ ವಿಡಿಯೊ ತಾನಾಗಿ ಶುರುವಾಗದೆ ಎರಡು ಸಲ ಒತ್ತಬೇಕಾಗುತ್ತದೆ, ಅದೊಂದು ಕಿರಿಕಿರಿ. ಇದಕ್ಕೆ ‘ಒತ್ತಿದಾಗ ತರಿಸು’ ಎಂದರೆ ನಿಮ್ಮ ‘ಸಮೀಪಿಸಿದಾಗ ತರಿಸು’ಗೆ ಜೋಡಿಯಾಗುತ್ತದೆ.

– ಎಂ.ಎಲ್., ಮಂಗಳೂರು

ಎಲ್ಲರಿಗೂ ವಂದನೆಗಳು. ‘ತರಿಸು’ ಜೋಡಿಯನ್ನು ಇಟ್ಟುಕೊಳ್ಳುತ್ತೇನೆ. ನಕ್ಷೆಗೂ ‘ಒತ್ತಿದಾಗ’ ಉಪಾಯವನ್ನೇ ಮಾಡಿದೆ: ಬಯಲಿನ ಸುತ್ತಲಿನ ದಾರಿಯನ್ನು ನಾವೇ ಬರೆದು ಚಿತ್ರವಾಗಿ ಹಾಕಿ, ಒತ್ತಿದರೆ ನಕ್ಷೆಯ ಆ್ಯಪ್ ತೆರೆಯುವಂತೆ ಕೊಂಡಿ ಕೊಟ್ಟಿದ್ದೇನೆ. ದಾರಿ ಹುಡುಕುವವರಿಗೆ ಬೇಕಾದದ್ದೂ ಆ್ಯಪೇ.

ಇನ್‌ಸ್ಟಾಗ್ರಾಂ ಮಾತ್ರ ಬಗೆಹರಿದಿಲ್ಲ. ಒಂದು ಪೋಸ್ಟ್‌ನ ಒಕ್ಕಣೆ ಎರಡು ಸಾಲು, ಇನ್ನೊಂದರದು ಒಂದು ಪ್ರಸಂಗದಷ್ಟು. ಹೆಚ್ಚು ಜಾಗ ಹಿಡಿದರೆ ಕೆಳಗೆ ಖಾಲಿ ಬಯಲು, ಕಡಿಮೆ ಹಿಡಿದರೆ ಮತ್ತೆ ಜಾರುತ್ತದೆ. ಹಾಗೆ ಜಾರುವುದಕ್ಕೆ ‘ಜಿಗಿತ’ ಎನ್ನಲೇ, ‘ಪಲ್ಲಟ’ ಎನ್ನಲೇ?

– ಎಸ್.ಎನ್.