ಊರಿಂದ ಕಾಗದಪತ್ರ ಸ್ಕ್ಯಾನ್ ಮಾಡಿ ತರುವವರಿಗೆ: ಒಂದು ಜನನ ಪತ್ರದ ಕಥೆ

ಮುಂದಿನ ತಿಂಗಳು ಧಾರವಾಡಕ್ಕೆ ಹೋಗುವವರು ನಿನ್ನೆ ಕೇಳಿದ್ದರಲ್ಲ, "ಏನೇನು ಸ್ಕ್ಯಾನ್ ಮಾಡಿಕೊಂಡು ಬರಲಿ?" ಅಂತ. ಏನೇನು ಅನ್ನೋದಕ್ಕಿಂತ ಹೇಗೆ ಅನ್ನೋದು ನನಗೆ ಜಾಸ್ತಿ ಕಾಡಿದ ವಿಷಯ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು 1984ರಲ್ಲಿ, ಗದಗಿನಲ್ಲಿ. ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ನನ್ನ ಜನನ ಪತ್ರ ಕೈಯಲ್ಲಿ ಬರೆದದ್ದು, ಪೂರ್ತಿ ಕನ್ನಡದಲ್ಲಿ, ನೇರಳೆ ಶಾಯಿಯ ದುಂಡನೆ ಮೊಹರು. ಇಲ್ಲಿ ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಅರ್ಜಿಗೆ ಅದು ಬೇಕಾಯಿತು. ನನ್ನ ತಮ್ಮ ಅದನ್ನು ಅವ್ವನ ಟ್ರಂಕಿನಿಂದ ತೆಗೆದು, ಫೋನಿನಲ್ಲಿ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ. ನಾನು ಇಂಗ್ಲಿಷ್ ಅನುವಾದದ ಜೊತೆ ಹಾಗೇ ಸೇರಿಸಿದೆ. ಕೆಲವು ತಿಂಗಳ ನಂತರ ವಲಸೆ ಇಲಾಖೆಯಿಂದ ಪತ್ರ ಬಂತು: ನೋಂದಣಿ ಸಂಖ್ಯೆ ಮತ್ತು ಮೊಹರು ಓದಲು ಬರುತ್ತಿಲ್ಲ, ಮತ್ತೆ ಕಳಿಸಿ.

ಆಗ ಫೈಲ್ ತೆರೆದು ದೊಡ್ಡದು ಮಾಡಿ ನೋಡಿದೆ. ಮೂರು ತಪ್ಪು ಒಂದರ ಮೇಲೊಂದು ಕೂತಿದ್ದವು. ಪತ್ರ ಲ್ಯಾಮಿನೇಶನ್ ಆಗಿತ್ತು, ಫ್ಲ್ಯಾಶ್‌ನ ಬೆಳಕು ಸರಿಯಾಗಿ ನೋಂದಣಿ ಸಂಖ್ಯೆಯ ಮೇಲೇ ಬಿದ್ದು ಅಲ್ಲಿ ಬರೀ ಬಿಳಿ ಮಚ್ಚೆ. ಸ್ಕ್ಯಾನ್ ಆ್ಯಪ್ ತಾನಾಗಿ ಕಪ್ಪು-ಬಿಳುಪು ಫಿಲ್ಟರ್ ಹಾಕಿದ್ದರಿಂದ ಮಾಸಿದ ನೇರಳೆ ಮೊಹರು ಅರ್ಧಕ್ಕರ್ಧ ಮಾಯ. ಉಳಿದದ್ದನ್ನು ವಾಟ್ಸಾಪ್ ಫೋಟೋ ಅಂತ ಕುಗ್ಗಿಸಿ, ಅಕ್ಷರದ ಅಂಚೆಲ್ಲ ಕದಡಿ ಹೋಗಿತ್ತು. ಇಸವಿಯ ಕನ್ನಡ ಅಂಕಿಗಳಲ್ಲಿ ೬ ಯಾವುದು, ೯ ಯಾವುದು ಅಂತ ನನಗೇ ಗೊತ್ತಾಗಲಿಲ್ಲ.

"ಕಾಗದ ಹಾಳಾಗಬಾರದು ಅಂತ ನಿಮ್ಮಪ್ಪ ಅಷ್ಟು ಕಾಳಜಿ ಮಾಡಿ ಲ್ಯಾಮಿನೇಶನ್ ಮಾಡಿಸಿದ್ರವಾ" ಅಂದಳು ಅವ್ವ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹೀಗೇ, ಅಲ್ವಾ? ದಯವಿಟ್ಟು ಆ ಪ್ಲಾಸ್ಟಿಕ್ ಬಿಚ್ಚಲು ಹೋಗಬೇಡಿ. ಬಿಸಿ ಲ್ಯಾಮಿನೇಶನ್‌ನಲ್ಲಿ ಅಂಟು ಕಾಗದದೊಳಗೆ ಇಳಿದಿರುತ್ತದೆ. ಪ್ಲಾಸ್ಟಿಕ್ ಎಳೆದರೆ ಶಾಯಿಯೂ ಅದರ ಜೊತೆಗೇ ಬರುತ್ತದೆ. ಅಪೋಸ್ಟಿಲ್, ಅಂದರೆ ಪತ್ರ ಅಸಲಿ ಅಂತ ಹೊರದೇಶದವರಿಗೆ ತೋರಿಸಲು ಸರ್ಕಾರ ಕೊಡುವ ದೃಢೀಕರಣ, ಬೇಕಾದರೆ ಲ್ಯಾಮಿನೇಟ್ ಆದ ಪತ್ರ ತೊಂದರೆ ಕೊಡುತ್ತದೆ, ಯಾಕೆಂದರೆ ಅದರ ಸ್ಟಿಕ್ಕರ್ ಅಂಟಿಸುವುದು, ಮೊಹರು ಹಾಕುವುದು ಕಾಗದದ ಮೇಲೇ. ಅದಕ್ಕೆ ದಾರಿ ಹೊಸ ನಕಲು ತೆಗೆಸುವುದು. ಹೊಸ ನಕಲು ಬೇಗ ಸಿಗಬೇಕಾದರೆ ಹಳೆಯ ಪತ್ರದ ನೋಂದಣಿ ಸಂಖ್ಯೆ ಮತ್ತು ನೋಂದಣಿ ದಿನಾಂಕ ಬೇಕು. ಅಂದರೆ ಹಳೆಯದರ ಒಳ್ಳೆಯ ಸ್ಕ್ಯಾನ್ ಇದ್ದರೆ ಹೊಸದೂ ಸಿಕ್ಕಂತೆ.

ಆ ಸಲ ತಮ್ಮನಿಗೆ ಫೋನಿನಲ್ಲೇ ಹೇಳಿ ಮಾಡಿಸಿದೆ. ಝೆರಾಕ್ಸ್ ಅಂಗಡಿಗೆ ಹೋಗು, ಗಾಜಿನ ಮೇಲೆ ಮಲಗಿಸಿ ಮುಚ್ಚಳ ಹಾಕುವ ಸ್ಕ್ಯಾನರ್ ಇರಬೇಕು. ಕಲರ್, 300 ಡಿಪಿಐ ಅಂತ ಬಾಯಿಬಿಟ್ಟು ಹೇಳು; ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋದು. ಹೇಳದಿದ್ದರೆ ಯಂತ್ರ ಮೊದಲೇ ಯಾವುದಕ್ಕೆ ಸೆಟ್ ಆಗಿದೆಯೋ ಅದರಲ್ಲೇ ಹೊಡೆದು ಕೊಡುತ್ತಾರೆ, ಅದು ಕಪ್ಪು-ಬಿಳುಪೂ ಆಗಿರಬಹುದು. ಮೊಹರಿನೊಳಗಿನ ಅಕ್ಷರ ತೀರಾ ಸಣ್ಣದಿದ್ದರೆ 600 ಹಾಕಿಸು. ಹಿಂಬದಿ ಖಾಲಿ ಕಂಡರೂ ಅದನ್ನೂ ಮಾಡಿಸು. ನನ್ನ ಪತ್ರದ ಹಿಂದೆ ನಕಲು ಕೊಟ್ಟ ದಿನಾಂಕ ಪೆನ್ಸಿಲಿನಲ್ಲಿತ್ತು, ನಲವತ್ತು ವರ್ಷ ಯಾರೂ ನೋಡಿರಲಿಲ್ಲ.

ಸ್ಕ್ಯಾನರ್ ಸಿಗದಿದ್ದರೆ ಫೋನೂ ಸಾಕು. ಫ್ಲ್ಯಾಶ್ ಆಫ್ ಮಾಡಿ, ಕಿಟಕಿಯ ಬಳಿ ಬೆಳಕು ಪಕ್ಕದಿಂದ ಬರುವ ಹಾಗೆ ಪತ್ರವನ್ನು ಚಪ್ಪಟೆಯಾಗಿಡಿ. ಫೋನ್ ನೇರ ಮೇಲಿರಲಿ. ಆ್ಯಪ್‌ನಲ್ಲಿ ಬಣ್ಣ ಇದ್ದ ಹಾಗೇ ಉಳಿಸುವ ಆಯ್ಕೆ ಒತ್ತಿ. 300 ಡಿಪಿಐನಲ್ಲಿ ಎ4 ಹಾಳೆ ಅಂದರೆ ಸುಮಾರು 2480 × 3508 ಪಿಕ್ಸೆಲ್. ನಿಮ್ಮ ಫೋಟೋದ ಉದ್ದ 3500ಕ್ಕಿಂತ ಬಹಳ ಕಡಿಮೆ ತೋರಿಸಿದರೆ ಅದನ್ನು ಮೂಲ ಪ್ರತಿ ಅಂತ ಇಡಬೇಡಿ. ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಆಗ ಅದು ಕುಗ್ಗಿಸುವುದಿಲ್ಲ.

ಸರಿ ಬಂತೋ ಇಲ್ಲವೋ ಅಂತ ನೋಡುವ ಬಗೆ ಸುಲಭ. ಅಲ್ಲೇ, ಮೂಲ ಪತ್ರ ಕೈಯಲ್ಲಿರುವಾಗಲೇ, ಫೈಲನ್ನು ಎರಡು ಪಟ್ಟು ದೊಡ್ಡದು ಮಾಡಿ ನೋಂದಣಿ ಸಂಖ್ಯೆ, ತಾರೀಖು, ಮೊಹರಿನ ಸುತ್ತಿನ ಅಕ್ಷರಗಳನ್ನು ಪರದೆಯಿಂದಲೇ ಗಟ್ಟಿಯಾಗಿ ಓದಿ. ಇನ್ನೊಬ್ಬರು ಮೂಲ ಹಿಡಿದು ತಾಳೆ ನೋಡಲಿ. ಹಾಳೆಯ ನಾಲ್ಕೂ ಮೂಲೆ ಕಾಣಬೇಕು. ಅಂಗಡಿ ಬಿಡುವ ಮುಂಚೆ ಅವರ ಕಂಪ್ಯೂಟರಿನಿಂದ ಫೈಲ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ, ವಾಟ್ಸಾಪ್ ವೆಬ್‌ನಿಂದ ಲಾಗೌಟ್ ಆಗುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್ ಎಲ್ಲ ಅಲ್ಲೇ ಉಳಿದುಬಿಡುತ್ತವೆ.

ಇನ್ನು ಹೆಸರಿಡುವುದು. ನಾನು ಮೊದಲು `appa passport`, `avva aadhaar` ಅಂತ ಇಟ್ಟಿದ್ದೆ. ನನ್ನ ಮಗಳಿಗೆ ಅಪ್ಪ ಅಂದರೆ ನನ್ನ ಗಂಡ. ನಾಳೆ ಅವಳು ತನ್ನ ಅರ್ಜಿಗೆ ಹುಡುಕುವಾಗ ಆ ಹೆಸರು ಬೇರೆಯವರನ್ನೇ ತೋರಿಸುತ್ತದೆ. ಅದಕ್ಕೆ ಸಂಬಂಧ ಬೇಡ, ವ್ಯಕ್ತಿಯ ಹೆಸರೇ ಇರಲಿ. ಆಮೇಲೆ ಪತ್ರದ ಬಗೆ, ಆಮೇಲೆ ಪತ್ರ *ಕೊಟ್ಟ* ದಿನಾಂಕ, ಭಾಷೆ, ಕೊನೆಗೆ ಮೂಲವೋ ಅಪ್‌ಲೋಡ್ ಪ್ರತಿಯೋ ಅನ್ನುವುದು:

```
kavya_birth_1984-09-03_kn_master.pdf
kavya_birth_1984-09-03_kn_upload.pdf
kavya_birth_2022-06-20_kn-en_master.pdf
```

ಹುಟ್ಟಿದ ದಿನಾಂಕ ಯಾಕಲ್ಲ ಅಂದರೆ, ಒಂದೇ ಹುಟ್ಟಿಗೆ ನನ್ನ ಹತ್ತಿರ ಈಗ ಎರಡು ಪತ್ರ ಇವೆ: 1984ರ ಕೈಬರಹದ್ದು, 2022ರ ಕಂಪ್ಯೂಟರ್ ಪ್ರತಿ. ಹುಟ್ಟಿದ ದಿನ ಎರಡರಲ್ಲೂ ಒಂದೇ. ಕೊಟ್ಟ ದಿನಾಂಕ ಮಾತ್ರ ಇವನ್ನು ಬೇರೆ ಮಾಡುತ್ತದೆ. ಇಸವಿ ಮೊದಲು ಬರೆದರೆ ಹಳೆಯದರಿಂದ ಹೊಸದಕ್ಕೆ ಸಾಲಾಗಿ ತಾನೇ ನಿಲ್ಲುತ್ತವೆ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಅಮೆರಿಕದ ವಲಸೆ ಇಲಾಖೆಯ ಆನ್‌ಲೈನ್ ಖಾತೆ ಫೈಲ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆ ಒಪ್ಪುತ್ತದೆ. ಒಂದು ಫೈಲಿಗೆ 12 ಎಂಬಿ ಮಿತಿ, ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗುವುದಿಲ್ಲ. ಬೇರೆ ಸೈಟುಗಳ ಮಿತಿ ಇನ್ನೂ ಚಿಕ್ಕದಿರಬಹುದು. ಹಾಗೆ ಆದಾಗ ಯಾವಾಗಲೂ ಮಾಸ್ಟರ್‌ನಿಂದಲೇ ಹೊಸ ಚಿಕ್ಕ ಪ್ರತಿ ಮಾಡಿ. ಚಿಕ್ಕದನ್ನೇ ಮತ್ತೆ ಚಿಕ್ಕದು ಮಾಡುತ್ತಾ ಹೋದರೆ ಮೂರನೇ ಸಲಕ್ಕೆ ಮೊಹರು ಹೋಗುತ್ತದೆ.

ಫೈಲ್ ಹೆಸರಿನಲ್ಲಿ ಹಿಡಿಸದ ಒಂದು ವಿಷಯಕ್ಕೆ ಬೇರೆ ಪಟ್ಟಿ ಇಟ್ಟಿದ್ದೇನೆ, ನಮ್ಮ ಭಾಗದವರಿಗೆ ಇದು ತುಂಬಾ ಬೇಕು. ನನ್ನ 1984ರ ಪತ್ರದಲ್ಲಿ "ಗದಗ, ಜಿಲ್ಲಾ ಧಾರವಾಡ" ಅಂತ ಇದೆ. 2022ರದರಲ್ಲಿ ಗದಗ ಜಿಲ್ಲೆ. ಎರಡೂ ಸರಿ, ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಹಾಗೆಯೇ ನನ್ನ ಗಂಡನ ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟೂರು HUBLI, 2014ರ ನವೆಂಬರ್ ನಂತರದ ಸರ್ಕಾರಿ ಕಾಗದಗಳಲ್ಲಿ Hubballi. ಅಪ್ಪನ 1973ಕ್ಕೆ ಮುಂಚಿನ ಅಂಕಪಟ್ಟಿಯಲ್ಲಿ ರಾಜ್ಯದ ಹೆಸರು ಮೈಸೂರು. ಪಟ್ಟಿಯಲ್ಲಿ ಪ್ರತಿ ಪತ್ರದ ಎದುರಿಗೆ ಹೆಸರು, ಊರು, ಜಿಲ್ಲೆ ಮುದ್ರಿತವಾದ ಹಾಗೇ, ಒಂದು ಅಕ್ಷರ ತಿದ್ದದೆ, ಬರೆದಿಟ್ಟಿದ್ದೇನೆ. ಅರ್ಜಿ ತುಂಬುವಾಗ "ಯಾಕೆ ಬೇರೆ ಇದೆ" ಅಂತ ಯಾರಾದರೂ ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.

ಡಿಜಿಟಲ್ ಸಹಿ ಇರುವ ಪಿಡಿಎಫ್ ಡೌನ್‌ಲೋಡ್ ಮಾಡಿದ್ದರೆ ಆ ಫೈಲನ್ನೇ ಇಡಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದರೂ, ಕಂಪ್ಯೂಟರಿನಲ್ಲಿ "ಪ್ರಿಂಟ್" ಒತ್ತಿ ಇನ್ನೊಂದು ಪಿಡಿಎಫ್ ಮಾಡಿದರೂ ಸಹಿ ಬರೀ ಚಿತ್ರ ಆಗಿಬಿಡುತ್ತದೆ. ಆಮೇಲೆ ಅದನ್ನು ಪರಿಶೀಲಿಸಲು ಬರುವುದಿಲ್ಲ.

ಈಗ ಇಡುವ ಜಾಗ. ನಮ್ಮದು ಮೂರು ಕಡೆ ಇದೆ: ನನ್ನ ಲ್ಯಾಪ್‌ಟಾಪ್, ಒಂದು ಹೊರಗಿನ ಹಾರ್ಡ್ ಡ್ರೈವ್, ಒಂದು ಕ್ಲೌಡ್. ಹಾರ್ಡ್ ಡ್ರೈವ್ ಧಾರವಾಡದ ಮನೆಯಲ್ಲೇ, ತಮ್ಮನ ಹತ್ತಿರ ಇದೆ, ಪಾಸ್‌ವರ್ಡ್ ಹಾಕಿದ್ದು ಇಡೀ ಡ್ರೈವಿಗೆ. ಕ್ಲೌಡ್ ಒಂದೇ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅದು ಸಿಂಕ್. ಫೋನಿನಲ್ಲಿ ಮಗು ಒಂದು ಫೋಲ್ಡರ್ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಪೆನ್‌ಡ್ರೈವ್ ಮಾತ್ರ ನಂಬಿ ವರ್ಷಗಟ್ಟಲೆ ಡಬ್ಬಿಯಲ್ಲಿಡಬೇಡಿ, ಕರೆಂಟ್ ಸಿಗದೆ ಅದರಲ್ಲಿರುವುದು ನಿಧಾನಕ್ಕೆ ಹಾಳಾಗಬಹುದು.

ನಮ್ಮಂಥವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಓಟಿಪಿಯಲ್ಲಿ. ಕ್ಲೌಡ್ ಖಾತೆಗೆ, ಡಿಜಿಲಾಕರ್‌ಗೆ, ಆಧಾರ್‌ಗೆ ಕೊಟ್ಟ ನಂಬರ್ ಊರಿನ ಸಿಮ್. ಇಲ್ಲಿ ಬಂದು ರೀಚಾರ್ಜ್ ಬಿಟ್ಟರೆ ಕಂಪನಿ ಆ ನಂಬರನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಆಮೇಲೆ ಕಾಗದ ಇದ್ದೂ ಬಾಗಿಲು ತೆರೆಯುವುದಿಲ್ಲ. ನನ್ನ ಸಿಮ್ ಅವ್ವನ ಹಳೆಯ ಫೋನಿನಲ್ಲಿದೆ, ತಮ್ಮ ರೀಚಾರ್ಜ್ ಮಾಡುತ್ತಾನೆ. ಓಟಿಪಿ ಬರದಿದ್ದಾಗ ಖಾತೆ ತೆರೆಯಲು ಬೇಕಾಗುವ ರಿಕವರಿ ಕೋಡುಗಳನ್ನು ಹಾಳೆಯಲ್ಲಿ ಬರೆದು ಇಲ್ಲಿನ ಕಪಾಟಿನಲ್ಲಿಟ್ಟಿದ್ದೇನೆ.

ಪಾಸ್‌ಪೋರ್ಟಿನ ಬಗ್ಗೆ ಒಂದೇ ಮಾತು: ಮೊದಲ ಮತ್ತು ಕೊನೆ ಪುಟ ಮಾತ್ರ ಅಲ್ಲ, ಮೊಹರು ಬಿದ್ದ ಪ್ರತಿ ಪುಟ ಮಾಡಿ. ಅಮೆರಿಕದ ಪೌರತ್ವದ ಅರ್ಜಿಯಲ್ಲಿ ಹಿಂದಿನ 5 ವರ್ಷದ ಪ್ರಯಾಣದ ದಿನಾಂಕಗಳನ್ನು ಕೇಳುತ್ತಾರೆ.

ಅಪ್ಪ-ಅವ್ವ ಮದುವೆ ನೋಂದಣಿ ಮಾಡಿಸಿಲ್ಲ, ಏನು ಸ್ಕ್ಯಾನ್ ಮಾಡೋದು ಅಂತ ಕೇಳಿದ್ದವರಿಗೆ: ನಮ್ಮವರದೂ ಹಾಗೇ. ಲಗ್ನಪತ್ರಿಕೆ, ಫೋಟೋ ಇವೆ. ಲಗ್ನಪತ್ರಿಕೆಯ ಬಂಗಾರದ ಅಕ್ಷರ ಸ್ಕ್ಯಾನರ್‌ನಲ್ಲಿ ಕರ್ರಗೆ ಬಂದು ತಾರೀಖೇ ಕಾಣಲಿಲ್ಲ. ಕಿಟಕಿಯ ಬಳಿ ಸ್ವಲ್ಪ ಓರೆಯಾಗಿ ಹಿಡಿದು ಫೋನಿನಲ್ಲಿ ತೆಗೆದಾಗ ಅಕ್ಷರ ಹೊಳೆದು ಸ್ಪಷ್ಟವಾಗಿ ಬಂತು. ಎರಡನ್ನೂ ಒಂದೇ ಪಿಡಿಎಫ್‌ನಲ್ಲಿ ಸೇರಿಸಿಟ್ಟಿದ್ದೇನೆ. ನಿಮ್ಮ ಟ್ರಂಕಿನಲ್ಲಿ ಇನ್ನೇನಾದರೂ ವಿಚಿತ್ರ ಕಾಗದ ಸಿಕ್ಕರೆ, ಯಾರ ಹೆಸರೂ, ನಂಬರೂ ಕಾಣದ ಹಾಗೆ ಮುಚ್ಚಿ ಒಂದು ಮೂಲೆಯ ಫೋಟೋ ಇಲ್ಲಿ ಹಾಕಿ, ಹೇಗೆ ಮಾಡುವುದು ಅಂತ ನೋಡೋಣ.