ಪದಚರ್ಚೆ: 'ಅಸೆಸಬಲ್ ವ್ಯಾಲ್ಯೂ' ಕನ್ನಡದಲ್ಲಿ?

ಭಟ್, ಮಣಿಪಾಲ: ಗೇರುಬೀಜ ಕಾರ್ಖಾನೆಯವರಿಗೆ ಆಮದಿನ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್‌ಗೆ ಹೋಗಬೇಕು. ಆಮದು ಸುಂಕವನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೋ ಆ 'ಅಸೆಸಬಲ್ ವ್ಯಾಲ್ಯೂ' ಬಂದಲ್ಲೆಲ್ಲ 'ಸರಕಿನ ಬೆಲೆ' ಎಂದು ಹಾಕಿದ್ದೆ. ಓದಿದವರೊಬ್ಬರು, 'ಹಾಗಾದರೆ ಹಡಗಿನ ಬಾಡಿಗೆಗೂ ಯಾಕೆ ಸುಂಕ?' ಎಂದು ಕೇಳಿದರು. ಪದ ತಪ್ಪಾಯ್ತಾ?

ರೈ, ಪುತ್ತೂರು: 'ಸುಂಕಬೆಲೆ' ಎನ್ನಿ, ಸಾಕು. 'ಮೌಲ್ಯ' ಮಾತ್ರ ಬೇಡ. ಸುಂಕ ನಮ್ಮದೇ ಪದ, ಶಾಸನಗಳಲ್ಲಿ 'ಹೆಜ್ಜುಂಕ' ಇದೆ.

ಶೆಟ್ಟಿ, ಪಣಂಬೂರು: 'ಬೆಲೆ' ಬೇಡ ಭಟ್ರೇ. ಬಿಲ್ಲಿನ ಬೆಲೆ ಮಾರುವವನ ಮಾತಿನ ಮೇಲೆ ಬದಲಾಗುತ್ತದೆ. ಒಂದೇ ಯಂತ್ರವನ್ನು ಒಬ್ಬ ಅವನೂರಿನ ಬಂದರಿನಲ್ಲಿ ಹಡಗಿಗೆ ಹತ್ತಿಸಿ 1,00,000 ರೂಪಾಯಿ ಎನ್ನುತ್ತಾನೆ. ಅದು ಎಫ್‌ಒಬಿ. ಇನ್ನೊಬ್ಬ ಫ್ರೈಟ್, ಇನ್ಶೂರೆನ್ಸ್ ಸೇರಿಸಿ ಪಣಂಬೂರಿನವರೆಗಿನ ದರ ಹೇಳುತ್ತಾನೆ. ಇಬ್ಬರಿಗೂ ಸುಂಕ ಒಂದೇ ಆಗಬೇಕಲ್ವಾ? ಅದಕ್ಕೆ ಸರಕು ಇಲ್ಲಿಗೆ ಮುಟ್ಟುವಾಗಿನ ಮೌಲ್ಯ ಹಿಡಿಯುತ್ತಾರೆ. ಅಮೆರಿಕದಲ್ಲಿ ಎಫ್‌ಒಬಿ ಮೇಲೆಯೇ ಸುಂಕ. ನಮ್ಮಲ್ಲಿ ಹಾಗಲ್ಲ.

ಕಾಮತ್, ಉಡುಪಿ: ಅದಕ್ಕೆ ಇಳಿಸುವ ಖರ್ಚು ಶೇ. 1, ಕಾರ್ಕಳದವರೆಗಿನ ಲಾರಿ ಬಾಡಿಗೆಯೂ ಸೇರಬೇಕು.

ಶೆಟ್ಟಿ: ಶೇ. 1 ಮೊದಲಿತ್ತು, 2017ರಲ್ಲಿ ತೆಗೆದರು. ಲಾರಿ ಬಾಡಿಗೆ ಯಾವತ್ತೂ ಇರಲಿಲ್ಲ.
ಕೈಪಿಡಿಗೆ ಬೇಕಾದದ್ದು ಇದು. ಮೇಲಿನ ಯಂತ್ರಕ್ಕೆ ಹಡಗಿನ ಫ್ರೈಟ್ 6,000 ಎಂದುಕೊಳ್ಳಿ. ಇನ್ಶೂರೆನ್ಸ್ ಎಷ್ಟೆಂದು ಗೊತ್ತಿಲ್ಲದಿದ್ದರೆ ಎಫ್‌ಒಬಿಯ ಶೇ. 1.125 ಹಿಡಿಯುತ್ತಾರೆ, 1,125. ಒಟ್ಟು 1,07,125. ಫ್ರೈಟಿನ ಕಾಗದವೂ ಇಲ್ಲದಿದ್ದರೆ ಶೇ. 20 ಹಿಡಿದುಬಿಡುತ್ತಾರೆ. ಆಗ 1,21,125. ಸುಂಕ ಶೇ. 10 ಇದ್ದರೆ, ಒಂದು ಚೀಟಿ ಇಟ್ಟುಕೊಳ್ಳದ್ದಕ್ಕೆ 1,400 ರೂಪಾಯಿ ಜಾಸ್ತಿ. ವಿಮಾನದಲ್ಲಿ ಬಂದರೆ ಬೇರೆ. ಅಲ್ಲಿ ನಿಜವಾದ ಫ್ರೈಟ್ 35,000 ಆದರೂ ಶೇ. 20ಕ್ಕಿಂತ ಜಾಸ್ತಿ ಸೇರಿಸುವುದಿಲ್ಲ.

ಡಿಸೋಜ, ಕುಲಶೇಖರ: ಮಗ ದುಬೈಯಿಂದ ಚಿನ್ನ ತಂದಾಗ ವಿಮಾನದ ಟಿಕೆಟ್ಟಿನ ದುಡ್ಡೂ ಸೇರಿಸುತ್ತಾರಾ?

ಶೆಟ್ಟಿ: ಇಲ್ಲ ಬಾಯಮ್ಮ. ಅದು ಪ್ರಯಾಣಿಕರ ಲಗೇಜು, ಅದರ ನಿಯಮವೇ ಬೇರೆ.

ಹೆಗಡೆ, ಕುಂದಾಪುರ: ರೈಗಳೇ, 'ಸುಂಕ' ಸಂಸ್ಕೃತದ 'ಶುಲ್ಕ'ದ ತದ್ಭವ. ಶಾಲೆಯ ಪಟ್ಟಿಯಲ್ಲೇ ಇದೆ. 'ಮೌಲ್ಯ'ಕ್ಕೆ ಮಾತ್ರ ಮಡಿ ಯಾಕೆ?

ರೈ: ನಮ್ಮ ಬಾಯಲ್ಲಿ ಹದವಾದದ್ದು ನಮ್ಮದೇ. 'ಮೌಲ್ಯ' ಕಚೇರಿಯ ಕಾಗದದ್ದು. ಮತ್ತೆ 'ಫ್ರೈಟ್' ಯಾಕೆ? ಸಾಗಣೆ ಎನ್ನಿ.

ಶೆಟ್ಟಿ: ಲಾರಿಯದ್ದೂ ಸಾಗಣೆಯೇ. ಅದು ಸೇರುವುದಿಲ್ಲ ಎಂದು ಈಗಷ್ಟೇ ಹೇಳಿದೆ. ಬಂದರಿನಲ್ಲಿ ಎಲ್ಲರೂ ಫ್ರೈಟ್ ಎನ್ನುತ್ತಾರೆ.

ಭಟ್: 'ಸುಂಕದ ಲೆಕ್ಕದ ಮೌಲ್ಯ' ಎಂದು ಹಾಕುತ್ತೇನೆ. ಫ್ರೈಟ್‌ಗೆ 'ಬಂದರಿನವರೆಗಿನ ಸಾಗಣೆ' ಆಗಬಹುದಾ?

ರೈ: ಮೌಲ್ಯ ಇದ್ದರೆ ನನ್ನ ಒಪ್ಪಿಗೆ ಇಲ್ಲ.